ರೀಲ್ಸ್ ಪ್ರಚಾರಕ್ಕೆ ದುಡ್ಡು ಕೊಡುವ ಮುನ್ನ ಕಾಮೆಂಟ್ ಓದಿ

ಹೋಟೆಲು, ಸೀರೆ ಅಂಗಡಿ ನಡೆಸುವವರು ಇನ್‌ಸ್ಟಾಗ್ರಾಂ ಪೇಜಿಗೆ ಪ್ರಚಾರ ಕೊಡುವಾಗ ನೋಡುವುದು ಫಾಲೋವರ್ ಸಂಖ್ಯೆಯನ್ನು. ದುಡ್ಡಿಗೆ ಸುಲಭವಾಗಿ ಸಿಗುವುದೂ ಅದೇ. ಲೈಕ್, ವ್ಯೂಗಳ ಕಥೆಯೂ ಇಷ್ಟೇ, ಅವನ್ನು ಬದಿಗಿಡಿ.

ಮೊದಲು ಕಾಮೆಂಟ್. ‘ಸೂಪರ್’, ಬೆಂಕಿ ಇಮೋಜಿ ಕಂಡ ಕೂಡಲೇ ಬಾಟ್, ಅಂದರೆ ತಂತ್ರಾಂಶ ನಡೆಸುವ ನಕಲಿ ಖಾತೆ ಎಂದು ತೀರ್ಮಾನಿಸುವವರೇ ಹೆಚ್ಚು. ನಮ್ಮ ಜನ ನಿಜವಾಗಿಯೂ ಹಾಗೇ ಬರೆಯುತ್ತಾರೆ. ನೋಡಬೇಕಾದದ್ದು ಯಾರು ಬರೆದಿದ್ದಾರೆ, ವಿಡಿಯೊಗೂ ಮಾತಿಗೂ ಸಂಬಂಧವಿದೆಯೇ ಎಂಬುದನ್ನು. 48,000 ಫಾಲೋವರ್ ಇರುವ ಊಟದ ಪೇಜ್ ಎಂದಿಟ್ಟುಕೊಳ್ಳಿ. ಬೇರೆ ಬೇರೆ ವಾರಗಳ ಐದು ಪೋಸ್ಟ್ ತೆರೆದು, ಪ್ರತಿಯೊಂದರ ಮೊದಲ 30 ಕಾಮೆಂಟಿನ ಹೆಸರು ಬರೆದುಕೊಳ್ಳಿ. ಐದರಲ್ಲೂ ಅದೇ 20 ಹೆಸರು, ಅದೂ ಪೋಸ್ಟ್ ಹಾಕಿದ ಕೆಲವೇ ನಿಮಿಷಗಳಲ್ಲಿ ಬಂದಿದ್ದರೆ ಅದು ಪಾಡ್. ಅಂದರೆ ‘ನೀನು ನನಗೆ, ನಾನು ನಿನಗೆ’ ಎಂದು ಕಾಮೆಂಟ್ ಹಾಕಿಕೊಳ್ಳುವ ಗುಂಪು. ಇವರು ಮನುಷ್ಯರೇ, ಆದರೆ ನಿಮ್ಮ ಹೋಟೆಲಿಗೆ ಊಟಕ್ಕೆ ಬರುವವರಲ್ಲ. ಬಾಟ್ ಸಿಕ್ಕಿಬೀಳುವುದು ಬೇರೆ ಕಡೆ: ‘ಅಜ್ಜಿ ತೀರಿಕೊಂಡರು, ಈ ವಾರ ವಿಡಿಯೊ ಇಲ್ಲ’ ಎಂಬ ಪೋಸ್ಟಿನ ಕೆಳಗೂ ‘ಅಮೇಜಿಂಗ್ ಕಂಟೆಂಟ್ ಬ್ರೋ’ ಎಂದಿರುತ್ತದೆ. ಹೀಗಾಗಿ ರಜೆ, ಸಾವು, ಕ್ಷಮೆ ಕೇಳಿದ ಪೋಸ್ಟುಗಳನ್ನೇ ಹುಡುಕಿ ಓದಿ. ಅಸಲಿ ಪೇಜಿನಲ್ಲಿ ‘ಎಲ್ಲಿದೆ ಅಣ್ಣ’, ‘ಪಾರ್ಸಲ್ ಇದ್ಯಾ’, ‘ರೇಟ್ ಜಾಸ್ತಿ ಆಯ್ತು’ ಎಂಬ ಪ್ರಶ್ನೆ, ತಕರಾರು ಇದ್ದೇ ಇರುತ್ತವೆ. ಜಗಳವೇ ಇಲ್ಲದ ಊಟದ ಪೇಜನ್ನು ನಂಬಬೇಡಿ.

ಹೆಸರಿನ ಮೇಲೆ ಅನುಮಾನ ಬಂದರೆ ಆ ಪ್ರೊಫೈಲಿಗೆ ಹೋಗಿ, ಮೂರು ಚುಕ್ಕೆ ಒತ್ತಿ, About this account ನೋಡಿ. ಸೇರಿದ ತಿಂಗಳು ಅಲ್ಲಿರುತ್ತದೆ.

ಇನ್ನು ಬೆಳವಣಿಗೆ. ಪೇಜಿನವರಿಗೆ ಖಾತೆಯ ಅಂಕಿಅಂಶ ತೋರಿಸುವ ಇನ್‌ಸೈಟ್ಸ್‌ನಲ್ಲಿ ಫಾಲೋವರ್ ಗ್ರಾಫ್ ಇರುತ್ತದೆ. ಸ್ಕ್ರೀನ್‌ಶಾಟ್ ಒಪ್ಪಬೇಡಿ, ತಿದ್ದುವುದು ಸುಲಭ. ನಿಮ್ಮೆದುರೇ ತೆರೆದು ತೋರಿಸಲಿ, ಇಲ್ಲವೇ ಸ್ಕ್ರೀನ್ ರೆಕಾರ್ಡಿಂಗ್ ಕಳಿಸಲಿ. ಒಂದೇ ದಿನ 6,000 ಏರಿದ್ದರೆ ಆ ದಿನಾಂಕದ ಆಸುಪಾಸಿನ ರೀಲ್ ನೋಡಿ. ವೈರಲ್ ಆಗಿದ್ದರೆ ಏರಿಕೆ ಕೆಲ ದಿನ ಎಳೆದು ನಿಧಾನಕ್ಕೆ ಇಳಿಯುತ್ತದೆ, ಆ ರೀಲಿನ ಕಾಮೆಂಟೂ ಹೆಚ್ಚಿರುತ್ತದೆ. ಕೊಂಡದ್ದಾದರೆ ಏರಿಕೆ ಮೆಟ್ಟಿಲಿನಂತೆ ನೆಟ್ಟಗಿರುತ್ತದೆ. ಆಮೇಲೆ ನಕಲಿ ಖಾತೆಗಳನ್ನು ಇನ್‌ಸ್ಟಾಗ್ರಾಂ ತೆಗೆಯುತ್ತ ಹೋದಂತೆ ಸಂಖ್ಯೆ ದಿನವೂ ಸ್ವಲ್ಪ ಸ್ವಲ್ಪ ಕರಗುತ್ತದೆ. ಫಾಲೋವರ್ ಮಾರುವ ಜಾಣರು ಇದನ್ನು ಮುಚ್ಚಲು ದಿನಕ್ಕೆ 100ರಂತೆ ಹನಿ ಹನಿಯಾಗಿ ಹಾಕುತ್ತಾರೆ. ಪೋಸ್ಟ್ ಹಾಕಿದ ದಿನಕ್ಕೂ ಹಾಕದ ದಿನಕ್ಕೂ ವ್ಯತ್ಯಾಸವೇ ಇಲ್ಲದಿರುವುದು ಇದರ ಗುರುತು. ಫಾಲೋ ಮಾಡಿದವರಿಗೆ ಬಹುಮಾನ ಕೊಡುವ ಗಿವ್‌ಅವೇ ಮಾಡಿದ್ದರೂ ಗ್ರಾಫ್ ಏರಿ ಇಳಿಯುತ್ತದೆ, ಅದನ್ನು ಕೇಳಿ ತಿಳಿದುಕೊಳ್ಳಿ. ಅಲ್ಲೇ ಊರುಗಳ ಪಟ್ಟಿಯೂ ಇರುತ್ತದೆ: ಮೈಸೂರಿನ ಮೆಸ್ ತೋರಿಸುವ ಕನ್ನಡ ಪೇಜಿಗೆ ಹೊರದೇಶದ ಊರುಗಳೇ ಮೇಲಿದ್ದರೆ ವ್ಯವಹಾರ ಬಿಡಿ.

‘ಫೇಕ್ ಫಾಲೋವರ್ ಚೆಕ್ಕರ್’ ಆ್ಯಪ್‌ಗಳು ಶೇಕಡಾವಾರು ಲೆಕ್ಕವನ್ನು ಅಂದಾಜಿನಲ್ಲಿ ಹೇಳುತ್ತವೆ. ಪಾಸ್‌ವರ್ಡ್ ಕೇಳಿದರಂತೂ ತಕ್ಷಣ ಅಳಿಸಿ.

ಯಾರ ಖಾತೆಗೆ ಬೇಕಾದರೂ ಯಾರು ಬೇಕಾದರೂ ಫಾಲೋವರ್ ಕೊಂಡು ಸುರಿಯಬಹುದು, ಎದುರಾಳಿಯೂ ಸಹ. ಗ್ರಾಫಿನ ಒಂದು ನೆಗೆತ ಕಂಡದ್ದಕ್ಕೇ ಮೋಸಗಾರ ಎನ್ನಬೇಡಿ. ನೆಗೆತದ ಜೊತೆ ಕಾಮೆಂಟಿನ ಹೆಸರುಗಳೂ ಮರುಕಳಿಸುತ್ತಿದ್ದರೆ ಮಾತ್ರ ಮುಂಗಡ ತಡೆಹಿಡಿಯಿರಿ.