ತಮ್ಮ ಫೋನ್ ಮಾಡಿದರೂ ತಪ್ಪು, ಮಾಡದಿದ್ದರೂ ತಪ್ಪು

ಮನೆ ಜಗಳಗಳಲ್ಲಿ ತೀರ್ಮಾನ ಮೊದಲೇ ಆಗಿಬಿಟ್ಟಿರುತ್ತದೆ. ಸಾಕ್ಷಿ ಹುಡುಕುವುದು ಆಮೇಲೆ. ನಾವು ನಂಬಿದ್ದಕ್ಕೆ ಹೊಂದುವುದು ಮಾತ್ರ ಕಣ್ಣಿಗೆ ಬೀಳುತ್ತದೆ, ಹೊಂದದ್ದು ಜಾರಿಹೋಗುತ್ತದೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಕನ್ಫರ್ಮೇಶನ್ ಬಯಾಸ್ ಅನ್ನುತ್ತಾರೆ. ಅತ್ತೆಯಲ್ಲೋ ಭಾವನಲ್ಲೋ ಇದು ಇದ್ದರೆ ನಮಗೆ ತಕ್ಷಣ ಗೊತ್ತಾಗುತ್ತದೆ. ನಮ್ಮೊಳಗೇ ಇದ್ದಾಗ ಗೊತ್ತಾಗುವುದಿಲ್ಲ, ಏಕೆಂದರೆ ಆಗ ಅದು ಪಕ್ಷಪಾತ ಅಂತ ಅನಿಸುವುದೇ ಇಲ್ಲ. 'ನಾನೇ ಕಣ್ಣಾರೆ ನೋಡಿದೀನಲ್ಲ' ಅಂತ ಅನಿಸುತ್ತದೆ. ಅದನ್ನು ನನ್ನಲ್ಲೇ ಹಿಡಿಯಲು ನಾನು ಏನು ಮಾಡುತ್ತೇನೆ ಅನ್ನುವುದನ್ನು ಒಂದೇ ವಿಷಯ ಇಟ್ಟುಕೊಂಡು ಹೇಳುತ್ತೇನೆ.

ನಾನು, ನಮ್ಮ ಮನೆಯವರು, ಅಮ್ಮ ರಾಜಾಜಿನಗರದಲ್ಲಿದ್ದೇವೆ. ತಮ್ಮನ ಸಂಸಾರ ವೈಟ್‌ಫೀಲ್ಡ್‌ನಲ್ಲಿ. ಅಮ್ಮನಿಗೆ ಒಂದು ಕಣ್ಣಿನ ಪೊರೆ ಆಪರೇಷನ್ ಆಯಿತು. ಆಪರೇಷನ್ ಬೇಗ ಮುಗಿಯುತ್ತದೆ, ಅವತ್ತೇ ಮನೆಗೆ ಕಳಿಸುತ್ತಾರೆ. ಕೆಲಸ ಇರುವುದು ಆಮೇಲೆ. ದಿನಕ್ಕೆ ಹಲವು ಸಲ ಡ್ರಾಪ್ಸ್ ಹಾಕಬೇಕು, ವಾರಗಳು ಕಳೆದಂತೆ ಕಡಿಮೆ ಮಾಡುತ್ತಾ ಬರಬೇಕು, ಕಣ್ಣಿಗೆ ನೀರು ಬೀಳದ ಹಾಗೆ ನೋಡಿಕೊಳ್ಳಬೇಕು, ಚೆಕಪ್‌ಗೆ ಕರೆದುಕೊಂಡು ಹೋಗಬೇಕು. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿತ್ತು: ತಮ್ಮನಿಗೆ ಅಮ್ಮನ ಮೇಲೆ ಕಾಳಜಿ ಇಲ್ಲ.

ಒಂದು ಸಂಜೆ ಅವನು ಫೋನ್ ಮಾಡಿ ಡ್ರಾಪ್ಸ್ ಬಗ್ಗೆ ವಿಚಾರಿಸಿದ. 'ಫೋನಲ್ಲಿ ಕೇಳೋದು ಸುಲಭ' ಅಂದುಕೊಂಡೆ. ಅಲ್ಲೇ ನಿಂತು ನನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡೆ. ಅವನು ಫೋನ್ ಮಾಡದೇ ಇದ್ದಿದ್ದರೆ ಏನು ಅಂದುಕೊಳ್ಳುತ್ತಿದ್ದೆ? 'ಒಂದು ಫೋನೂ ಮಾಡಲಿಲ್ಲ ನೋಡು' ಅಂತ ತಾನೆ? ಶನಿವಾರ ಬಂದರೆ ಮುಖ ತೋರಿಸೋಕೆ ಬಂದ, ಬರದಿದ್ದರೆ ಬರಲೇ ಇಲ್ಲ. ಏನು ಮಾಡಿದರೂ ಒಂದೇ ತೀರ್ಪು ಬರುವುದಾದರೆ, ಆ ಫೋನು ಯಾವುದಕ್ಕೂ ಸಾಕ್ಷಿ ಅಲ್ಲ. ತೀರ್ಪು ನನ್ನ ತಲೆಯಲ್ಲಿ ಮೊದಲೇ ಇದೆ ಅಷ್ಟೇ.

ಈ ಪ್ರಶ್ನೆ ನಾನು ಕಂಡುಹಿಡಿದದ್ದಲ್ಲ. 1979ರಲ್ಲಿ ಚಾರ್ಲ್ಸ್ ಲಾರ್ಡ್, ಲೀ ರಾಸ್, ಮಾರ್ಕ್ ಲೆಪರ್ ಅನ್ನುವ ಮನಶ್ಶಾಸ್ತ್ರಜ್ಞರು ಮರಣದಂಡನೆ ಬೇಕು ಅನ್ನುವವರಿಗೂ ಬೇಡ ಅನ್ನುವವರಿಗೂ ಅದೇ ಎರಡು ಅಧ್ಯಯನಗಳನ್ನು ಓದಲು ಕೊಟ್ಟರು. ಒಂದು ಪರವಾಗಿತ್ತು, ಇನ್ನೊಂದು ವಿರುದ್ಧ. ಎರಡೂ ಕಡೆಯವರು ತಮ್ಮ ಪರವಾದದ್ದೇ ಸರಿಯಾಗಿದೆ, ಇನ್ನೊಂದರಲ್ಲಿ ದೋಷ ಇದೆ ಅಂದರು. ಓದಿದ ಮೇಲೆ ಅವರವರ ಅಭಿಪ್ರಾಯ ಇನ್ನೂ ಗಟ್ಟಿಯಾಯಿತು ಅಂದರು. ನನಗೆ ಹೆಚ್ಚು ಕೆಲಸಕ್ಕೆ ಬಂದದ್ದು 1984ರಲ್ಲಿ ಲಾರ್ಡ್ ಅವರೇ ಲೆಪರ್ ಹಾಗೂ ಎಲಿಜಬೆತ್ ಪ್ರೆಸ್ಟನ್ ಜೊತೆ ಮಾಡಿದ ಪ್ರಯೋಗ. ಕೆಲವರಿಗೆ 'ನ್ಯಾಯಾಧೀಶರ ಹಾಗೆ ನಿಷ್ಪಕ್ಷಪಾತವಾಗಿ ನೋಡಿ' ಅಂದರು. ಅದರಿಂದ ಏನೂ ಪ್ರಯೋಜನ ಆಗಲಿಲ್ಲ. ಇನ್ನು ಕೆಲವರಿಗೆ 'ಇದೇ ಅಧ್ಯಯನದಲ್ಲಿ ಉಲ್ಟಾ ಫಲಿತಾಂಶ ಬಂದಿದ್ದರೆ ಇದನ್ನು ಹೀಗೇ ಅಳೆಯುತ್ತಿದ್ದಿರಾ ಅಂತ ಹೆಜ್ಜೆಹೆಜ್ಜೆಗೂ ಕೇಳಿಕೊಳ್ಳಿ' ಅಂದರು. ಅವರಲ್ಲಿ ಪಕ್ಷಪಾತ ಕಡಿಮೆಯಾಯಿತು. ಹಾಗಾಗಿ 'ನಾನು ನ್ಯಾಯವಾಗಿ ಯೋಚಿಸಬೇಕು' ಅನ್ನುವ ಸಂಕಲ್ಪವನ್ನು ನಾನು ನೆಚ್ಚಿಕೊಳ್ಳುವುದಿಲ್ಲ. ಉಲ್ಟಾ ಆಗಿದ್ದರೆ ಏನನ್ನುತ್ತಿದ್ದೆ ಅನ್ನುವ ಆ ಒಂದು ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇನೆ.

ಪ್ರಶ್ನೆ ಯಾವಾಗ ಕೇಳಿಕೊಳ್ಳಬೇಕು ಅನ್ನುವುದಕ್ಕೆ ನನಗೊಂದು ಗುರುತಿದೆ. ತಮ್ಮನ ಬಗ್ಗೆ ಕೆಟ್ಟ ಸುದ್ದಿ ಬಂದರೆ ನಾನು ಒಂದೂ ಪ್ರಶ್ನೆ ಕೇಳದೆ ಒಪ್ಪಿಕೊಳ್ಳುತ್ತೇನೆ. ಒಳ್ಳೆಯ ಸುದ್ದಿ ಬಂದರೆ 'ಯಾರು ಹೇಳಿದ್ದು, ನಿಜವಾಗ್ಲೂನಾ, ಅದರಲ್ಲಿ ಅವನಿಗೇನು ಲಾಭ' ಅಂತ ವಿಚಾರಣೆ ಶುರು ಮಾಡುತ್ತೇನೆ. ಜೊತೆಗೆ ಒಳಗೆ ಸ್ವಲ್ಪ ಕಿರಿಕಿರಿಯೂ ಆಗುತ್ತದೆ. ಒಬ್ಬರ ಬಗ್ಗೆ ಒಳ್ಳೆಯದು ಕೇಳಿ ಕಿರಿಕಿರಿಯಾದರೆ ಅಲ್ಲಿ ನಿಲ್ಲಬೇಕು. ಕೋಪಕ್ಕಿಂತ ಇದು ಸ್ಪಷ್ಟವಾದ ಗುರುತು, ಯಾಕೆಂದರೆ ಕೋಪಕ್ಕೆ ನ್ಯಾಯವಾದ ಕಾರಣವೂ ಇರಬಹುದು.

ಆಮೇಲೆ ಚೀಟಿ. ಶನಿವಾರಕ್ಕೆ ಮುಂಚೆಯೇ ಎರಡು ಸಾಲು ಬರೆಯುತ್ತೇನೆ: ಕಾಳಜಿ ಇದ್ದರೆ ಈ ವಾರ ಏನು ಕಾಣಬೇಕು, ಇಲ್ಲದಿದ್ದರೆ ಏನು ಕಾಣಬೇಕು. ಮುಂಚೆ ಬರೆಯುವುದು ಮುಖ್ಯ, ನಡೆದ ಮೇಲೆ ಬರೆದರೆ ನಡೆದದ್ದಕ್ಕೆ ತಕ್ಕ ಹಾಗೆ ಸಾಲು ಬದಲಾಗುತ್ತದೆ. ಇದರಲ್ಲೂ ಮೋಸ ನುಸುಳಬಹುದು. 'ರಜೆ ಹಾಕಿ ವಾರವೆಲ್ಲ ಇಲ್ಲೇ ಇರಬೇಕು' ಅಂತ ಬರೆದರೆ ಯಾರೂ ಪಾಸಾಗುವುದಿಲ್ಲ. ಅದಕ್ಕೇ ಬರೆದ ಸಾಲನ್ನು ನಮ್ಮ ಮನೆಯವರಿಗೆ ಹಚ್ಚಿ ನೋಡುತ್ತೇನೆ. ಅವರು ಅವರಮ್ಮನಿಗೆ ಅಷ್ಟು ಮಾಡುತ್ತಾರಾ? ಮಾಡದಿದ್ದರೂ ಅವರಿಗೆ ಕಾಳಜಿ ಇದೆ ಅಂತ ನಾನು ಹೇಳುತ್ತೇನಾ? ಹೌದು ಅಂದರೆ ಅಳತೆ ಜಾಸ್ತಿಯಾಗಿದೆ, ತಿದ್ದಬೇಕು.

ಇನ್ನು ಕೇಳುವ ರೀತಿ. 1960ರಲ್ಲಿ ಪೀಟರ್ ವಾಸನ್ ಅನ್ನುವ ಮನಶ್ಶಾಸ್ತ್ರಜ್ಞರು ಜನರಿಗೆ 2, 4, 6 ಅನ್ನುವ ಮೂರು ಅಂಕಿ ಕೊಟ್ಟು, ಇದರ ಹಿಂದಿನ ನಿಯಮ ಕಂಡುಹಿಡಿಯಿರಿ ಅಂದರು. ತುಂಬಾ ಜನ ಎರಡೆರಡು ಹೆಚ್ಚಾಗುತ್ತದೆ ಅಂದುಕೊಂಡು 8, 10, 12 ತರಹದ್ದನ್ನೇ ಕೇಳಿದರು. ಪ್ರತಿಸಲ 'ಹೌದು, ನಿಯಮಕ್ಕೆ ಹೊಂದುತ್ತದೆ' ಅನ್ನುವ ಉತ್ತರ ಬಂತು. ನಿಜವಾದ ನಿಯಮ ಅಂಕಿಗಳು ಏರುತ್ತಾ ಹೋಗಬೇಕು ಅಂತಷ್ಟೇ ಇತ್ತು. 1, 2, 3 ಅಂತ ಒಂದು ಸಲ ಕೇಳಿದ್ದರೆ ಅವರ ಊಹೆ ಬಿದ್ದುಹೋಗುತ್ತಿತ್ತು. ಊಹೆ ಬೀಳಿಸಬಹುದಾದ ಪ್ರಶ್ನೆಯನ್ನು ಕೇಳಲು ಮನಸ್ಸು ಬರುವುದಿಲ್ಲ.

ಮನೆಯಲ್ಲೂ ಹಾಗೇ. 'ಅವನು ಈ ವಾರ ಸರಿಯಾಗಿ ವಿಚಾರಿಸಲೇ ಇಲ್ಲ ಅಲ್ವಾಮ್ಮ?' ಅಂದರೆ ಅಮ್ಮ 'ಹೂಂ' ಅನ್ನುತ್ತಾರೆ. ಕಣ್ಣು ಮುಚ್ಚಿಕೊಂಡು ಮಲಗಿರುವವರಿಗೆ ಮಗಳ ಜೊತೆ ವಾದ ಯಾಕೆ ಬೇಕು? ಅದಕ್ಕೆ ಡ್ರಾಪ್ಸ್ ಹಾಕುತ್ತಾ ಬೇರೆ ತರಹ ಕೇಳಿದೆ. 'ಅಮ್ಮ, ಈ ವಾರ ಅವನ ಹತ್ರ ಏನೇನು ಮಾತಾಡಿದ್ರಿ?' ಅಮ್ಮ ಕೆನ್ನೆ ಮೇಲೆ ಇಳಿದ ಹನಿಯನ್ನು ಹತ್ತಿಯಲ್ಲಿ ಒರೆಸಿಕೊಂಡು ಅಂದರು, 'ದಿನಾ ಬೆಳಗ್ಗೆ ಮಾಡ್ತಾನಲ್ಲ. ನೀನು ಸ್ನಾನಕ್ಕೆ ಹೋಗಿರ್ತೀಯ. ಇನ್ಶೂರೆನ್ಸ್‌ದು ಏನೋ ಕಾಗದ ವಾಪಸ್ ಬಂತಂತೆ, ಮತ್ತೆ ಕಳಿಸಿದೀನಿ ಅಂದ.'

ಇನ್ಶೂರೆನ್ಸ್ ವಿಷಯ ನನ್ನ ಲೆಕ್ಕದಲ್ಲೇ ಇರಲಿಲ್ಲ. ನಮ್ಮ ಮನೆಯ ಕರೆಂಟ್ ಬಿಲ್ಲನ್ನು ಅವನೇ ಆನ್‌ಲೈನ್‌ನಲ್ಲಿ ಕಟ್ಟುತ್ತಾನೆ, ಅದೂ ಇರಲಿಲ್ಲ. ಸರಿಯಾಗಿ ನಡೆಯುವ ಕೆಲಸ ಸದ್ದು ಮಾಡುವುದಿಲ್ಲ. ಬಿಲ್ ಕಟ್ಟದೆ ಕರೆಂಟ್ ಹೋಗಿದ್ದರೆ ಮಾತ್ರ ಅದು ನನ್ನ ಪಟ್ಟಿಗೆ ಬರುತ್ತಿತ್ತು, ಅದೂ ಅವನ ವಿರುದ್ಧವಾಗಿ. ಈಗ ಬೇಕೆಂದೇ ಕೇಳಿಕೊಳ್ಳುತ್ತೇನೆ: ಈ ತಿಂಗಳು ತೊಂದರೆಯಿಲ್ಲದೆ ನಡೆದದ್ದು ಯಾವುದು, ಅದನ್ನು ಯಾರು ಮಾಡಿದರು?

ಇಷ್ಟೆಲ್ಲ ನೋಡಿದ ಮೇಲೆ ತಮ್ಮನದೇ ಸರಿ ಅಂತಲೂ ಆಗಲಿಲ್ಲ. ಚೀಟಿಯಲ್ಲಿ ಒಂದು ಸಾಲು ಹಾಗೇ ಉಳಿಯಿತು. ಚೆಕಪ್‌ಗಳಿಗೆಲ್ಲ ರಜೆ ಹಾಕಿದ್ದು ನಾನೇ. ಉಲ್ಟಾ ಮಾಡಿ ನೋಡಿದರೂ ಆ ದೂರು ಬಿದ್ದುಹೋಗಲಿಲ್ಲ. ಒಂದೇ ಒಂದು ಚೆಕಪ್‌ಗೆ ಅವನು ಬಂದಿದ್ದರೆ ನಾನು ಹಾಗನ್ನುತ್ತಿರಲಿಲ್ಲ. ಹಾಗಾಗಿ ಆ ಒಂದನ್ನೇ ಅವನಿಗೆ ಹೇಳಿದೆ. 'ಚೆಕಪ್‌ಗೆಲ್ಲ ನಾನೇ ರಜೆ ಹಾಕ್ತಿದೀನಿ ಕಣೋ. ಮುಂದಿನದಕ್ಕೆ ನೀನು ಕರ್ಕೊಂಡು ಹೋಗು.' ಅವನು 'ನೀನೇ ಹೋಗ್ತೀಯ ಅನ್ಕೊಂಡಿದ್ದೆ ಅಕ್ಕ, ಯಾವತ್ತು ಹೇಳು' ಅಂದ. ಆ ಬೆಳಗ್ಗೆ ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಾಯಿಸಿಕೊಂಡು ಬಂದು ಅಮ್ಮನನ್ನು ಕರೆದುಕೊಂಡು ಹೋದ. ಕಾಳಜಿ ಇಲ್ಲ ಅನ್ನುವ ಮಾತು ಹೇಳಿದ್ದರೆ ಅವನು ಇನ್ಶೂರೆನ್ಸ್, ಬಿಲ್ಲು ಎಲ್ಲ ತೆಗೆಯುತ್ತಿದ್ದ, ಚೆಕಪ್ ವಿಷಯ ಅಲ್ಲೇ ಮುಳುಗುತ್ತಿತ್ತು.

ಜಗಳ ನಡೆಯುವಾಗ ಇದೆಲ್ಲ ಆಗುವುದಿಲ್ಲ. ಆಗ 'ನಾಳೆ ಮಾತಾಡೋಣ' ಅಂದು ಎದ್ದುಬಿಡುತ್ತೇನೆ. ಹೊಡೆತ, ಬೆದರಿಕೆ ಇರುವ ಮನೆಯಲ್ಲಿ ಈ ಪ್ರಶ್ನೆಗಳನ್ನು ಹಾಕಿಕೊಳ್ಳಲೇಬಾರದು. ಅಲ್ಲಿ ಹೊರಗಿನವರ ಸಹಾಯ ಬೇಕು. ಮತ್ತೆ, ಈ ಪರೀಕ್ಷೆಯನ್ನು ಎದುರಿನವರ ಮೇಲೆ ನಾನು ಮಾಡುವುದಿಲ್ಲ. 'ನಿನಗೇ ಕನ್ಫರ್ಮೇಶನ್ ಬಯಾಸ್' ಅಂದರೆ ಅದು ಇನ್ನೊಂದು ಬೈಗುಳ ಆಗುತ್ತದೆ, ಅವರೂ ಅದನ್ನೇ ವಾಪಸ್ ಎಸೆಯುತ್ತಾರೆ.