ಕಥೆಯ ಮೊದಲ ಪುಟವನ್ನು ನಾನು ಮತ್ತೆ ಕಟ್ಟಿದ್ದು ಹೀಗೆ

ನಮ್ಮ ಮಾನ್ವಿ ಕಡೆಯ ಕಥೆ ಅಂದರೆ ಬಿಸಿಲು ತಾನಾಗಿಯೇ ಮೊದಲ ಸಾಲಿಗೆ ಬಂದು ಕೂರುತ್ತದೆ. ನನ್ನ ಒಂದು ಕಥೆಯ ಮೊದಲ ಪುಟ ಹೀಗಿತ್ತು:

"ಮಾರ್ಚ್ ತಿಂಗಳು. ಬೆಳಿಗ್ಗೆ ಹತ್ತಕ್ಕೇ ಬಿಸಿಲು ನೆತ್ತಿ ಸುಡುತ್ತಿತ್ತು. ಎರೆಹೊಲ ಬಿರುಕು ಬಿಟ್ಟಿತ್ತು. ಬೇವಿನ ಎಲೆ ಕೂಡ ಅಲುಗಾಡುತ್ತಿರಲಿಲ್ಲ. ದೇವಮ್ಮ ಈ ಊರಿಗೆ ಸೊಸೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತು. ಮಾವ ತೀರಿಕೊಂಡ ಮೇಲೆ ಮೂರು ಎಕರೆ ಪಾಲಿಗೆ ಬಂದಿತ್ತು. ಮಗಳ ಮದುವೆಗೆಂದು ಅದರಲ್ಲಿ ಒಂದು ಎಕರೆಯನ್ನು ಹನುಮಂತಪ್ಪನಿಗೆ ಮಾರಿದ್ದರು. ಸಾಲ ತೀರಲೆಂದು ಗಂಡ ಬೆಂಗಳೂರಿಗೆ ಗುಳೆ ಹೋಗಿದ್ದ."

ಕಥೆ ನಿಜವಾಗಿ ಇರುವುದು ನೀರಿನ ಪಾಳಿಯ ಬಗ್ಗೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಬೇಸಿಗೆ ಭತ್ತ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೇಲಿನ ಹೊಲದವರು ತೂಬು ಮುಚ್ಚಿದರೆ ಕೆಳಗಿನವರಿಗೆ ನೀರಿಲ್ಲ. ದೇವಮ್ಮ ರಾತ್ರಿ ಹೋಗಿ ಮುಚ್ಚಿದ ತೂಬು ತೆಗೆಯುತ್ತಾಳೆ. ಆದರೆ ಆ ರಾತ್ರಿ ಶುರುವಾಗುತ್ತಿದ್ದದ್ದು ಎರಡನೇ ಪುಟದ ಕೊನೆಗೆ.

ಮೊದಲು ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕ ಗುರುತು ಹಾಕಿದೆ. ಹವೆಯಾದರೆ 'ಹ', ಹಿಂದಿನ ಕಥೆಯಾದರೆ 'ಹಿಂ', ಈಗ ನಡೆಯುತ್ತಿರುವುದಾದರೆ 'ಈ'. ಇದರಲ್ಲಿ ಕನ್ನಡದ ಕ್ರಿಯಾಪದ ತುಂಬ ಸಹಾಯ ಮಾಡುತ್ತದೆ. ಸುಡುತ್ತಿತ್ತು, ಅಲುಗಾಡುತ್ತಿರಲಿಲ್ಲ ಅನ್ನುವ ಥರದವು ಸಾಮಾನ್ಯವಾಗಿ ಹವೆ ಅಥವಾ ದಿನನಿತ್ಯದ ರೂಢಿ. ಬಂದಿತ್ತು, ಮಾರಿದ್ದರು, ಹೋಗಿದ್ದ ಅಂತ ಮುಗಿಯುವವು ಹಿಂದಿನದು. ಎಳೆದಳು, ನಿಂತಳು, ಕೂಗಿದ ಅನ್ನುವ ಬರೀ ಭೂತಕಾಲ ಬಂತು ಅಂದರೆ ಕಥೆ ಕಾಲು ಎತ್ತಿ ಇಟ್ಟಿತು ಅಂತ ಅರ್ಥ. ನನ್ನ ಪುಟದಲ್ಲಿ ಪೂರ್ತಿ 'ಹ' ಮತ್ತು 'ಹಿಂ'. ಒಂದೂ 'ಈ' ಇರಲಿಲ್ಲ. ಮೊದಲ 'ಈ' ಸಿಕ್ಕಿದ್ದು "ದೇವಮ್ಮ ತೂಬಿನ ಬಾಯಿಗೆ ಕೈ ಹಾಕಿದಳು" ಅನ್ನುವಲ್ಲಿ.

ಹಾಗಂತ ಮೇಲಿನದನ್ನೆಲ್ಲ ಸುಮ್ನೆ ಕತ್ತರಿಸಿ ಅಲ್ಲಿಂದ ಶುರು ಮಾಡಿದರೆ ಆಗುವುದಿಲ್ಲ. ಕತ್ತರಿಸಿದ ಪುಟವನ್ನು ಕಥೆ ಗೊತ್ತಿಲ್ಲದ ಒಬ್ಬ ಗೆಳೆಯನಿಗೆ ಕೊಟ್ಟು ಎರಡೇ ಪ್ರಶ್ನೆ ಕೇಳಿದೆ. ಇವಳಿಗೆ ಏನು ಬೇಕಾಗಿದೆ? ನಿನಗೆ ಮುಂದೆ ಏನು ತಿಳಿಯಬೇಕು ಅನಿಸುತ್ತಿದೆ? "ಏನೋ ಕಳವು ಮಾಡೋಕೆ ಬಂದಿದ್ದಾಳೆ ಅಲ್ವಾ?" ಅಂದ. ಅಂದರೆ ಕತ್ತರಿಸಿದ್ದು ಜಾಸ್ತಿಯಾಗಿದೆ. ಮೊದಲ ಪ್ರಶ್ನೆಗೆ ಉತ್ತರ ತಪ್ಪಾದರೆ ಪುಟದಲ್ಲಿ ಮಾಹಿತಿ ಕಮ್ಮಿ. ಎರಡನೆಯದಕ್ಕೆ "ಏನಿಲ್ಲ" ಅಂದರೆ ಎಲ್ಲವನ್ನೂ ಮೊದಲೇ ಹೇಳಿಬಿಟ್ಟಿದ್ದೇವೆ. ಈ ಎರಡರ ನಡುವೆ ಪುಟ ನಿಲ್ಲಬೇಕು.

ಹಾಗಾದರೆ ಏನನ್ನು ವಾಪಸ್ ತರಬೇಕು? ತೆಗೆದ ಸಂಗತಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡೆ. ಒಂದೊಂದರ ಮುಂದೆಯೂ ಕೇಳಿಕೊಂಡೆ: ಇದು ಗೊತ್ತಿಲ್ಲದಿದ್ದರೆ ಈ ಪುಟದ ಯಾವ ಸಾಲು ಅರ್ಥವಾಗುವುದಿಲ್ಲ? ಇಪ್ಪತ್ತು ವರ್ಷದ ಸಂಸಾರ, ಮಾವನ ಸಾವು, ಗಂಡನ ಗುಳೆ ಇವಕ್ಕೆ ಯಾವ ಸಾಲೂ ಕಾಯುತ್ತಿರಲಿಲ್ಲ. ಬೇಕಾದವು ಎರಡೇ. ಇದು ಅವಳ ಪಾಳಿ ಅನ್ನುವುದು. ಆ ತೂಬು ಇರುವ ಹೊಲ ಮೊದಲು ಅವಳದೇ ಆಗಿತ್ತು ಅನ್ನುವುದು. ಇವು ಇಲ್ಲದಿದ್ದರೆ ಅವಳ ಸಿಟ್ಟಿಗೆ ಬುಡವೇ ಇಲ್ಲ.

ಹವೆಯನ್ನು ಪೂರ್ತಿ ಬಿಡಲು ನನಗೆ ಮನಸ್ಸಿರಲಿಲ್ಲ. ಬಿಸಿಲಿಲ್ಲದೆ ನಮ್ಮ ಕಡೆಯ ಕಥೆ ಹೇಗೆ? ಆದರೆ ಬಿಸಿಲು ಯಾರಿಗೆ ತಾಗುತ್ತಿದೆ, ಯಾವ ಕೆಲಸಕ್ಕೆ ಅಡ್ಡ ಬರುತ್ತಿದೆ ಅನ್ನುವುದು ಬೇಕು. ರಾತ್ರಿಯಲ್ಲೂ ಬೆಚ್ಚಗಿರುವ ಕಲ್ಲನ್ನು ದೇವಮ್ಮನ ಕೈಗೆ ಕೊಟ್ಟೆ. ಇನ್ನೊಂದು ಬೆಳೆಯ ಹಂತ. ಭತ್ತ ಹೊಡೆಗೆ ಬಂದಾಗ ನೀರು ತಪ್ಪಿದರೆ ಕಾಳು ಕಟ್ಟದೆ ಜೊಳ್ಳಾಗುತ್ತದೆ. ಇದನ್ನು ಹೇಳಿದರೆ ಮಾರ್ಚ್ ಅಂತ ಬೇರೆಯಾಗಿ ಹೇಳಬೇಕಿಲ್ಲ, ಗಡಿಬಿಡಿಯೂ ಅದರಲ್ಲೇ ಬರುತ್ತದೆ. ಪುಟ ಈಗ ಹೀಗಿದೆ:

"ದೇವಮ್ಮ ತೂಬಿನ ಬಾಯಿಗೆ ಕೈ ಹಾಕಿದಳು. ನೀರಿನ ಬದಲು ಗೊಬ್ಬರದ ಚೀಲ ಸಿಕ್ಕಿತು. ಒಳಗೆ ಮಣ್ಣು ತುಂಬಿ, ಮೇಲೊಂದು ಕಲ್ಲು ಹೇರಿದ್ದರು. ಕತ್ತಲಾಗಿ ಎಷ್ಟು ಹೊತ್ತಾಗಿದ್ದರೂ ಕಲ್ಲು ಇನ್ನೂ ಬೆಚ್ಚಗಿತ್ತು. ಅವಳ ಪಾಳಿ ಬೆಳಕು ಹರಿಯುವವರೆಗೆ ಮಾತ್ರ. ಭತ್ತ ಹೊಡೆಗೆ ಬಂದಿದೆ, ಈ ಪಾಳಿ ತಪ್ಪಿದರೆ ಜೊಳ್ಳೇ. ಸೀರೆ ಎತ್ತಿ ಕಟ್ಟಿ ಕಲ್ಲು ಎಳೆದಳು. ಅವಳು ಕಾಲೂರಿದ ನೆಲ ಹೋದ ಸುಗ್ಗಿವರೆಗೆ ಅವಳದೇ ಆಗಿತ್ತು. ಬದುವಿನ ಆಚೆ ಬ್ಯಾಟರಿ ಹೊತ್ತಿತು.

'ಯಾರದು?'

'ನಾನ್ರೀ ಮಾವ. ಪಾಳಿ ನಂದೈತ್ರಿ.'

'ಕಲ್ಲಿಗೆ ಕೈ ಹಚ್ಚಬ್ಯಾಡ ಯವ್ವಾ. ಮುಂಜಾನೆ ಮಾತಾಡೂಣು.'

'ಈ ಬದುವಿಗೆ ಕಲ್ಲು ಹೊತ್ತಾಕಿ ನಾನ್ರೀ ಮಾವ.'"

ಆ ಕೊನೆಯ ಮಾತಿಗೆ ಬರುವುದಕ್ಕೆ ಮೊದಲು ಅಲ್ಲಿ ಬೇರೆ ಮಾತಿತ್ತು. "ಹೋದ ವರ್ಷ ಮಗಳ ಮದುವಿಗಂತ ನಿಮಗ ಒಂದೆಕರೆ ಮಾರಿದ್ವಲ್ರಿ ಮಾವ" ಅಂತ. ಹಿಂದಿನ ಕಥೆಯನ್ನು ವಿವರಣೆಯಿಂದ ತೆಗೆದ ಕೂಡಲೇ ಅದು ಮಾತಿನೊಳಗೆ ನುಸುಳುತ್ತದೆ. ದೇವಮ್ಮ ಮಾವ ಅಂತ ಕರೆಯುತ್ತಿರುವ ಹನುಮಂತಪ್ಪನಿಗೆ ತಾನು ಹೊಲ ಕೊಂಡದ್ದು ಗೊತ್ತಿಲ್ಲವೇ? ಇಬ್ಬರಿಗೂ ಗೊತ್ತಿರುವುದನ್ನು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರೆ ಅವರು ಓದುಗನ ಕಡೆ ತಿರುಗಿ ಮಾತಾಡುತ್ತಿದ್ದಾರೆ ಅಂತಲೇ. ಇದನ್ನು ಪತ್ತೆ ಹಚ್ಚಲು ನಾನು ಮಾತನ್ನು ಜೋರಾಗಿ ಓದಿ, ಕೇಳುವವನ ಜಾಗದಲ್ಲಿ ನಿಂತು "ಅದು ನನಗೆ ಗೊತ್ತಲ್ಲ" ಅಂತ ಉತ್ತರ ಕೊಟ್ಟು ನೋಡುತ್ತೇನೆ. ಆ ಉತ್ತರ ಸರಿಯಾಗಿ ಹೊಂದಿಕೊಂಡರೆ ಸಾಲು ತೆಗೆಯಬೇಕು. ಬದುವಿಗೆ ಕಲ್ಲು ಹೊತ್ತ ಮಾತಿಗೆ ಆ ಉತ್ತರ ಸಾಲದು. ಹನುಮಂತಪ್ಪ ಒಂದೋ ನಾಚಬೇಕು, ಇಲ್ಲ ರೇಗಬೇಕು.

ಹವೆಯಿಂದ ಶುರು ಮಾಡಲೇಬಾರದು ಅಂತ ನಾನು ಹೇಳುವುದಿಲ್ಲ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋದ ರಾತ್ರಿಯ ಬಗ್ಗೆ ಬರೆದರೆ ನೀರಿನಿಂದಲೇ ಶುರುವಾಗಬೇಕಾದೀತು. ಅಲ್ಲಿ ನೀರೇ ಘಟನೆ. ಬಿಸಿಲೋ ಮಳೆಯೋ ಆ ಒಂದು ದಿನ ಯಾರದೋ ಲೆಕ್ಕ ಕೆಡಿಸಿದ್ದರೆ ಅದು ಮೊದಲ ಸಾಲಿನಲ್ಲಿ ಇರಲಿ. ಯಾವ ಬೇಸಿಗೆಗೂ ಹೊಂದುವ ಸಾಲಾದರೆ ನಾನು ತೆಗೆಯುತ್ತೇನೆ.

ಮೊದಲ ಪುಟ ಬದಲಾದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಕೆಳಗಿನ ಪುಟಗಳು ಹಳೆಯ ಪುಟವನ್ನು ನಂಬಿಕೊಂಡು ನಿಂತಿರುತ್ತವೆ. ನನ್ನ ಕಥೆಯಲ್ಲಿ ಮೂರನೇ ಪುಟಕ್ಕೆ ಗಂಡನ ಫೋನ್ ಬರುತ್ತದೆ. ಗುಳೆಯ ವಿಷಯ ಮೊದಲೇ ಹೇಳಿದ್ದರಿಂದ ಹಳೆಯ ಪ್ರತಿಯಲ್ಲಿ ಆ ಫೋನ್ ಎರಡು ಸಾಲಿನಲ್ಲಿ ಮುಗಿಯುತ್ತಿತ್ತು. ಈಗ ಗಂಡ ಎಲ್ಲಿದ್ದಾನೆ ಅನ್ನುವ ಪ್ರಶ್ನೆ ಅಲ್ಲಿಯವರೆಗೆ ಓದುಗನಲ್ಲಿ ಉಳಿದಿರುತ್ತದೆ. ಹಾಗಾಗಿ ಗುಳೆಯ ಮಾತನ್ನು ಅಲ್ಲಿಗೆ ಒಯ್ದೆ. ಮೊದಲ ವಾಕ್ಯಕ್ಕೆ ಮಾತ್ರ "ಹೋಗಿದ್ದ" ಇಟ್ಟು, ಮುಂದಿನವನ್ನು ಬರೀ ಭೂತಕಾಲದಲ್ಲಿ ಬರೆದೆ: ಬಸ್ ಹತ್ತಿದ, ಕಟ್ಟಡದ ಕೆಲಸ ಹಿಡಿದ, ದುಡ್ಡು ಕಳಿಸಿದ. ಪ್ರತಿ ವಾಕ್ಯಕ್ಕೂ "ಇದ್ದ, ಇದ್ದ" ಅಂತ ಬಾಲ ಹಚ್ಚಿದರೆ ಓದು ಕುಂಟುತ್ತದೆ. ವಾಪಸ್ ಬರುವಾಗ "ಈಗ ಫೋನಿನಲ್ಲಿ" ಅಂತ ಒಂದು ಗುರುತು ಕೊಟ್ಟೆ. ಅದಿಲ್ಲದಿದ್ದರೆ ಓದುಗ ಬೆಂಗಳೂರಿನಲ್ಲೇ ಉಳಿಯುತ್ತಿದ್ದ.

ಮಾವನ ಸಾವಿಗೆ ಈ ಕಥೆಯಲ್ಲಿ ಜಾಗವೇ ಸಿಗಲಿಲ್ಲ. ಆ ಸಾಲನ್ನು ಬೇರೆ ವಹಿಯಲ್ಲಿ ಬರೆದಿಟ್ಟಿದ್ದೇನೆ.