ಇಲಿ ಕಡಿದ ನೋಟಿಗೆ ಬ್ಯಾಂಕಲ್ಲಿ ಎಷ್ಟು ಸಿಗುತ್ತದೆ?

ಬದಿಯಡ್ಕದಲ್ಲಿ ನಮ್ಮದು ಜಿನಸಿನ ಅಂಗಡಿ. ಮಳೆಗಾಲದಲ್ಲಿ ಗೋದಾಮಿನ ಮೇಜಿನ ಡ್ರಾಯರಿಗೆ ಇಲಿ ನುಗ್ಗಿ ಎರಡು ಐನೂರರ ನೋಟು, ಒಂದು ಇಪ್ಪತ್ತರ ನೋಟು ಕಡಿದಿತ್ತು. ನಂಬರ್ ಸರಿಯಾಗಿ ಕಂಡರೆ ಪೂರ್ತಿ ಹಣ ಸಿಗುತ್ತದೆ ಅಂತ ಪೇಟೆಯಲ್ಲಿ ಎಲ್ಲರೂ ಹೇಳುತ್ತಾರೆ. ಅದು ಸರಿಯಲ್ಲ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಲೆಕ್ಕ ಇರುವುದು ಉಳಿದ ಕಾಗದದ ಅಳತೆಗೆ.

ಹಾಗಾಗಿ ಹೋಗುವ ಮೊದಲು ಮನೆಯಲ್ಲೇ ಅಳೆದೆ. ಮಗಳ ಗ್ರಾಫ್ ಹಾಳೆಯ ಮೇಲೆ ನೋಟು ಹರಡಿ, ಸುತ್ತ ಪೆನ್ಸಿಲ್ ಗೆರೆ ಎಳೆದು, ಒಂದೊಂದು ಸೆಂಟಿಮೀಟರಿನ ಚೌಕ ಎಣಿಸಿದೆ. ಇಲಿ ಕಡಿದ ಅಂಚು ಗರಗಸದ ಹಾಗೆ ಇರುತ್ತದೆ, ಅಲ್ಲಿ ಅರ್ಧ ಚೌಕಗಳನ್ನು ಜೋಡಿಸಿಕೊಂಡೆ. ಈಗಿನ ಐನೂರರ ನೋಟು 15 ಸೆಂ.ಮೀ. ಉದ್ದ, 6.6 ಸೆಂ.ಮೀ. ಅಗಲ, ಅಂದರೆ 99 ಚೌಕ. 80 ಇದ್ದರೆ ಪೂರ್ತಿ ಹಣ. 40ರಿಂದ ಮೇಲೆ ಇದ್ದು 80 ಮುಟ್ಟದಿದ್ದರೆ ಅರ್ಧ. ಅದಕ್ಕೂ ಕಮ್ಮಿ ಇದ್ದರೆ ಏನೂ ಇಲ್ಲ.

ಮೊದಲ ನೋಟಿನ ಮೂಲೆ ಮಾತ್ರ ಹೋಗಿತ್ತು, 86 ಚೌಕ ಬಂತು. ಎರಡನೆಯದು ಎರಡು ತುಂಡಾಗಿತ್ತು. ದೊಡ್ಡದು 72, ಬಿಡಿ ತುಂಡು 13. ಕೂಡಿಸಿದರೆ 85 ಆಗುತ್ತದೆ ಅಲ್ವಾ? ಆದರೆ ಅಂಥ ನೋಟಿನಲ್ಲಿ ನೋಡುವುದು ಇಡಿಯಾಗಿ ಉಳಿದ ಅತಿ ದೊಡ್ಡ ತುಂಡನ್ನು ಮಾತ್ರ. 13 ಚೌಕದ ಚೂರು ಲೆಕ್ಕಕ್ಕೆ ಬರುವುದಿಲ್ಲ. ಟೇಪ್ ಹಾಕಿ ಅಂಟಿಸಿದರೂ ಅಷ್ಟೇ. ಅದಕ್ಕೇ ನಾನು ಅಂಟಿಸದೆ, ಚೂರನ್ನೂ ಸೇರಿಸಿ ಪಾರದರ್ಶಕ ಕವರಿನಲ್ಲಿ ಹಾಕಿದೆ. ಎಲ್ಲಿ ಹರಿದಿದೆ ಅಂತ ನೋಡುವವರಿಗೆ ಸ್ಪಷ್ಟವಾಗಿ ಕಾಣಬೇಕು.

ಇಪ್ಪತ್ತು ಮತ್ತು ಅದಕ್ಕಿಂತ ಸಣ್ಣ ನೋಟಿಗೆ ಅರ್ಧ ಹಣ ಅನ್ನುವುದೇ ಇಲ್ಲ. ಅರ್ಧಕ್ಕಿಂತ ಜಾಸ್ತಿ ಭಾಗ ಉಳಿದಿದ್ದರೆ ಪೂರ್ತಿ, ಇಲ್ಲದಿದ್ದರೆ ಇಲ್ಲ. ನನ್ನದರಲ್ಲಿ 81ರಲ್ಲಿ 44 ಚೌಕ ಉಳಿದಿತ್ತು.

ಹತ್ತಿರದ ಶಾಖೆಯ ಕೌಂಟರಿನಲ್ಲಿ "ನಿಮ್ಮ ಖಾತೆ ಇಲ್ಲಿಲ್ಲವಲ್ಲ" ಅಂದರು. ಖಾತೆ ಬೇಕಾಗಿಲ್ಲ, ಸಾಮಾನ್ಯವಾಗಿ ವಾಣಿಜ್ಯ ಬ್ಯಾಂಕಿನ ಯಾವ ಶಾಖೆಯಾದರೂ ತೆಗೆದುಕೊಳ್ಳಬೇಕು. ಅದನ್ನೇ ಮೆಲ್ಲ ಹೇಳಿದೆ. ಆಮೇಲೆ ಒಳಗಿನ ಅಧಿಕಾರಿ ನೋಟುಗಳನ್ನು ಅಳೆದು ನೋಡಿದರು. ಸಿಕ್ಕಿದ್ದು 500, 250 ಮತ್ತು 20, ಒಟ್ಟು 770 ರೂಪಾಯಿ. ಫೀಸು ಏನೂ ಇರಲಿಲ್ಲ.

ಸುಮ್ನೆ ಮಾಸಿದ ನೋಟು, ಅಥವಾ ಎರಡಾಗಿ ಹರಿದರೂ ಒಂದೇ ನೋಟಿನ ಎರಡೂ ಭಾಗ ಪೂರ್ತಿ ಇರುವ ನೋಟಿಗೆ ಈ ಅಳತೆಯ ರಗಳೆ ಇಲ್ಲ, ಪೂರ್ತಿ ಹಣವೇ. ಮುಟ್ಟಿದರೆ ಪುಡಿಯಾಗುವಷ್ಟು ಸುಟ್ಟದ್ದನ್ನು ಮಾತ್ರ ಶಾಖೆಯಲ್ಲಿ ಬದಲಿಸುವುದಿಲ್ಲ, ರಿಸರ್ವ್ ಬ್ಯಾಂಕಿನ ಇಶ್ಯೂ ಕಚೇರಿಗೇ ಕೊಡಬೇಕು. ಸಣ್ಣ ಶಾಖೆಯವರಿಗೆ ಅಲ್ಲೇ ತೀರ್ಮಾನ ಮಾಡಲು ಆಗದಿದ್ದರೆ, ನೋಟು ತೆಗೆದುಕೊಂಡು ರಸೀದಿ ಕೊಟ್ಟು ಕರೆನ್ಸಿ ಚೆಸ್ಟ್, ಅಂದರೆ ರಿಸರ್ವ್ ಬ್ಯಾಂಕಿನ ಪರವಾಗಿ ನೋಟು ದಾಸ್ತಾನು ಇಡುವ ಭಂಡಾರ, ಇರುವ ಶಾಖೆಗೆ ಕಳಿಸುತ್ತಾರೆ. ಹಣ ಯಾವ ದಿನ ಸಿಗುತ್ತದೆ ಅಂತ ಆಗಲೇ ಕೇಳಿ ಬರೆಸಿಕೊಳ್ಳಿ, ಅದು 30 ದಿನ ಮೀರುವ ಹಾಗಿಲ್ಲ.